ಎರಡು ಕ್ಯಾನುಗಳ ಮೇಲೂ ಫಿನಾಲ್ ಗುಣಾಂಕ 5 ಎಂದೇ ಇದ್ದರೆ ಎರಡೂ ಒಂದೇ ಎನ್ನಬಹುದೇ?

ಮೇಘಮಾಲೆ:

ನಾನು ಒಂದು ಬೋಧನಾ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಕೆಲಸ ಮಾಡುತ್ತೇನೆ. ಮೇಜುಗಳನ್ನು ಒರೆಸುವುದಕ್ಕೂ, ಬಳಸಿದ ಗಾಜಿನ ಸಾಮಾನುಗಳನ್ನು ತೊಳೆಯುವ ಮೊದಲು ಮುಳುಗಿಸಿಡುವುದಕ್ಕೂ ಸೋಂಕುನಾಶಕ ಬೇಕಾಗುತ್ತದೆ. ಈವರೆಗೆ ಫಿನಾಲ್ ಜಾತಿಯ ಒಂದು ದ್ರಾವಣವನ್ನು ಬಳಸುತ್ತಿದ್ದೆವು. ಈ ಬಾರಿ ಅದರ ಬದಲು ಕ್ವಾಟರ್ನರಿ ಅಮೋನಿಯಂ ಇರುವ ದ್ರಾವಣ ಬಂದಿದೆ. ಎರಡರ ಲೇಬಲ್ಲಿನ ಮೇಲೂ ಫಿನಾಲ್ ಗುಣಾಂಕ 5 ಎಂದಿದೆ, ಎರಡನ್ನೂ 1:100ರಂತೆ ನೀರಿನಲ್ಲಿ ಬೆರೆಸಿ ಹತ್ತು ನಿಮಿಷ ಬಿಡಬೇಕು ಎಂದೂ ಇದೆ.

ನನ್ನ ಸಂದೇಹಗಳು ಮೂರು. ಗುಣಾಂಕ ಒಂದೇ ಆಗಿರುವುದರಿಂದ ಒಂದರ ಬದಲು ಇನ್ನೊಂದನ್ನು ಕಣ್ಣುಮುಚ್ಚಿ ಬಳಸಬಹುದೇ? ರಾತ್ರಿಯಿಡೀ ಮುಳುಗಿಸಿಡುವ ಸಾಮಾನುಗಳಿಗೆ ಸಮಯ ಹೇಗೂ ಹೆಚ್ಚು ಸಿಗುವುದರಿಂದ ದ್ರಾವಣವನ್ನು ಇನ್ನಷ್ಟು ತೆಳುವಾಗಿಸಬಹುದೇ? ಹೊಸ ದ್ರಾವಣಕ್ಕೆ ಘಾಟು ಇಲ್ಲ, ಕೈಗೆ ತಗುಲಿದರೆ ಉರಿಯುವುದೂ ಇಲ್ಲ. ಹಾಗಾದರೆ ವಿದ್ಯಾರ್ಥಿಗಳು ಅದರಲ್ಲೇ ಕೈ ಅದ್ದಿಕೊಳ್ಳಬಹುದೇ?

ವಾರ್ಡ್_ಮೇಲ್ವಿಚಾರಕ:

ಆಸ್ಪತ್ರೆಯ ಸ್ವಚ್ಛತಾ ವಿಭಾಗದಲ್ಲಿ ಬಹಳ ಕಾಲದಿಂದ ಇರುವವನಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ. ಗುಣಾಂಕ ಎಂದರೆ ಆ ದ್ರಾವಣ ಫಿನಾಲಿಗಿಂತ ಎಷ್ಟು ಪಟ್ಟು ಬಲಶಾಲಿ ಎಂಬ ಲೆಕ್ಕ. 5 ಎಂದರೆ ಐದು ಪಟ್ಟು. ಎರಡಕ್ಕೂ 5 ಇದ್ದ ಮೇಲೆ ಎರಡೂ ಸಮಾನ, ಇದರಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ. ಸಮಯದ ವಿಷಯದಲ್ಲಿ ನಾವು ಪಾಲಿಸುವ ನಿಯಮ ಸರಳವಾಗಿದೆ. ಔಷಧಿಯನ್ನು ಅರ್ಧಕ್ಕೆ ಇಳಿಸಿದರೆ ಸಮಯವನ್ನು ಎರಡರಷ್ಟು ಮಾಡಬೇಕು, ಸಮಯ ಅರ್ಧವೇ ಇದ್ದರೆ ಔಷಧಿ ಎರಡರಷ್ಟು ಹಾಕಬೇಕು. ನಿಮ್ಮ ಗಾಜಿನ ಸಾಮಾನುಗಳು ರಾತ್ರಿಯಿಡೀ ಮುಳುಗಿರುವುದರಿಂದ ಕಾಲು ಭಾಗ ಹಾಕಿದರೂ ನಡೆಯುತ್ತದೆ.

ಸೂಕ್ಷ್ಮದರ್ಶಿ:

ಮೇಲಿನ ನಿಯಮ ಮೇಘಮಾಲೆಯವರ ಎರಡು ಕ್ಯಾನುಗಳಲ್ಲಿ ಒಂದಕ್ಕೆ ಹೆಚ್ಚುಕಡಿಮೆ ಸರಿಹೊಂದುತ್ತದೆ, ಇನ್ನೊಂದಕ್ಕೆ ಅನ್ವಯಿಸಿದರೆ ಅಪಾಯವಾಗುತ್ತದೆ. ಯಾವುದಕ್ಕೆ ಯಾವುದು ಎಂಬುದನ್ನು ಗುಣಾಂಕ ಹೇಳುವುದೇ ಇಲ್ಲ. ನಾನು ಸೋಂಕುನಾಶಕಗಳ ಪರೀಕ್ಷೆ ನಡೆಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದೇನೆ. ಆ 5 ಎಂಬ ಅಂಕಿ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ವಿವರಿಸುತ್ತೇನೆ.

ಈ ಬಗೆಯ ಪರೀಕ್ಷೆಯನ್ನು 1903ರಲ್ಲಿ ರಿಡಿಯಲ್ ಮತ್ತು ವಾಕರ್ ಎಂಬ ಇಬ್ಬರು ರೂಪಿಸಿದರು. ಅದರ ಅಮೆರಿಕನ್ ರೂಪದಲ್ಲಿ ದ್ರಾವಣವನ್ನು ಬೇರೆ ಬೇರೆ ಪ್ರಮಾಣಗಳಲ್ಲಿ ತೆಳುಗೊಳಿಸಿ, ಪ್ರತಿಯೊಂದರ 5 ಮಿಲಿಲೀಟರನ್ನು ಒಂದೊಂದು ಕೊಳವೆಯಲ್ಲಿ ತೆಗೆದುಕೊಂಡು, 20 ಡಿಗ್ರಿ ಸೆಲ್ಸಿಯಸ್‌ನ ನೀರಿನ ತೊಟ್ಟಿಯಲ್ಲಿ ಇಡುತ್ತಾರೆ. ಪ್ರತಿ ಕೊಳವೆಗೂ ಟೈಫಾಯ್ಡ್ ಬ್ಯಾಕ್ಟೀರಿಯ ಬೆಳೆದ ಬ್ರಾತ್ ಎಂಬ ಪೋಷಕ ದ್ರವದ ಅರ್ಧ ಮಿಲಿಲೀಟರ್ ಸೇರಿಸಿ, ಐದು, ಹತ್ತು ಮತ್ತು ಹದಿನೈದನೆಯ ನಿಮಿಷಗಳಲ್ಲಿ ತಂತಿಯ ಕುಣಿಕೆಯಿಂದ ಒಂದು ಹನಿಯನ್ನು ಎತ್ತಿ ಹೊಸ ಬ್ರಾತ್‌ಗೆ ಹಾಕುತ್ತಾರೆ. ಎರಡು ದಿನ ಬೆಚ್ಚಗಿಟ್ಟ ಮೇಲೆ ಆ ಬ್ರಾತ್ ಮಬ್ಬಾದರೆ ಬ್ಯಾಕ್ಟೀರಿಯ ಬದುಕಿದೆ ಎಂದೂ, ತಿಳಿಯಾಗಿಯೇ ಉಳಿದರೆ ಸತ್ತಿದೆ ಎಂದೂ ಬರೆದುಕೊಳ್ಳುತ್ತಾರೆ. ಅದೇ ದಿನ, ಅದೇ ಬ್ಯಾಕ್ಟೀರಿಯದ ಮೇಲೆ ಶುದ್ಧ ಫಿನಾಲಿನ ದ್ರಾವಣಗಳನ್ನೂ ಪರೀಕ್ಷಿಸುವುದು ಕಡ್ಡಾಯ.

ಈಗ ನಿಮ್ಮ ಕ್ಯಾನಿನ ವಿಷಯಕ್ಕೆ ಬರೋಣ. ಪರೀಕ್ಷೆಯ ದಿನ 1:90ರ ಫಿನಾಲ್ ಐದನೆಯ ನಿಮಿಷದಲ್ಲಿ ಸೋತು ಹತ್ತನೆಯ ನಿಮಿಷದಲ್ಲಿ ಗೆದ್ದಿತು ಎನ್ನಿ. ನಿಮ್ಮ ದ್ರಾವಣದ 1:400 ಐದನೆಯ ನಿಮಿಷಕ್ಕೇ ಕೊಂದಿತು, 1:500 ಹತ್ತನೆಯ ನಿಮಿಷಕ್ಕೂ ಕೊಲ್ಲಲಿಲ್ಲ, 1:450 ಮಾತ್ರ ಫಿನಾಲಿನಂತೆಯೇ ಐದರಲ್ಲಿ ಸೋತು ಹತ್ತರಲ್ಲಿ ಗೆದ್ದಿತು. 450ನ್ನು 90ರಿಂದ ಭಾಗಿಸಿದರೆ 5 ಬರುತ್ತದೆ. ಅದೇ ನಿಮ್ಮ ಗುಣಾಂಕ. ಅದನ್ನು 20ರಿಂದ ಗುಣಿಸಿ 1:100 ಎಂದು ಬಳಕೆಯ ಪ್ರಮಾಣವನ್ನು ಲೇಬಲ್ಲಿನ ಮೇಲೆ ಹಾಕುತ್ತಾರೆ. ಶೇಕಡಾ 5ರ ಫಿನಾಲಿಗೆ ಸಮನಾದ ಬಲ ಇರಲಿ ಎಂಬುದು ಆ ಇಪ್ಪತ್ತರ ಹಿಂದಿನ ಹಳೆಯ ಲೆಕ್ಕಾಚಾರ.

ಗಮನಿಸಬೇಕಾದದ್ದು ಏನೆಂದರೆ, ಆ ಭಾಗಾಕಾರದಲ್ಲಿ ಇರುವುದು ಎರಡು ತೆಳುವಿಕೆಗಳು ಮಾತ್ರ. ಸಮಯವನ್ನು ಹತ್ತು ನಿಮಿಷಕ್ಕೆ ಕಟ್ಟಿಹಾಕಿ ಲೆಕ್ಕದಿಂದ ಹೊರಗಿಟ್ಟಿದ್ದಾರೆ.

ಹೈನುಗಾರ:

ಇದೇ ವಿಷಯದಲ್ಲಿ ನನಗೂ ಒಂದು ಪ್ರಶ್ನೆ ಇದೆ. ನಮ್ಮ ಕೊಟ್ಟಿಗೆಯ ನೆಲಕ್ಕೆ ಗುಣಾಂಕ ಹೆಚ್ಚಿರುವ ಕಪ್ಪು ಫಿನೈಲ್ ಬಳಸುತ್ತೇವೆ, ವಾಸನೆಯೂ ನೊಣಗಳೂ ಕಡಿಮೆಯಾಗಿವೆ. ಕಳೆದ ವಾರ ಹುಟ್ಟಿದ ಕರುವಿನ ಹೊಕ್ಕುಳು ಸ್ವಲ್ಪ ಒದ್ದೆಯಾಗಿಯೇ ಇದೆ. ಗುಣಾಂಕ ಹೆಚ್ಚಿದ್ದಷ್ಟೂ ಕ್ರಿಮಿಗಳು ಚೆನ್ನಾಗಿ ಸಾಯುವುದಾದರೆ, ಅದೇ ಫಿನೈಲನ್ನು ತೆಳುವಾಗಿ ಮಾಡಿ ಹೊಕ್ಕುಳಿಗೆ ಹಚ್ಚಬಹುದಲ್ಲವೇ? ಎಷ್ಟಕ್ಕೆ ಎಷ್ಟು ನೀರು ಬೆರೆಸಬೇಕು ಎಂದು ತಿಳಿಸಿ.

ಸೂಕ್ಷ್ಮದರ್ಶಿ:

ಹೈನುಗಾರರೇ, ಯಾವ ಪ್ರಮಾಣದಲ್ಲೂ ಹಚ್ಚಬೇಡಿ. ಕರುವಿನ ಹೊಕ್ಕುಳಿಗೆ ಪಶುವೈದ್ಯರು ಅಯೋಡಿನ್ ದ್ರಾವಣವನ್ನು ಬಳಸುತ್ತಾರೆ. ವಾರ ಕಳೆದರೂ ಹೊಕ್ಕುಳು ಒಣಗಿಲ್ಲ ಎಂದರೆ ಒಳಗೆ ಸೋಂಕು ಇರಬಹುದು, ಆದ್ದರಿಂದ ಇವತ್ತೇ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ನಿಮ್ಮ ಪ್ರಶ್ನೆ ಮೇಘಮಾಲೆಯವರ ಮೂರನೆಯ ಸಂದೇಹಕ್ಕೂ ನೇರವಾಗಿ ಸಂಬಂಧಿಸಿದೆ. ನಾನು ವಿವರಿಸಿದ ಪರೀಕ್ಷೆಯಲ್ಲಿ ಕೊಳವೆಯೊಳಗೆ ಇದ್ದದ್ದು ಬ್ಯಾಕ್ಟೀರಿಯ ಮತ್ತು ಔಷಧಿ, ಅಷ್ಟೇ. ಚರ್ಮವಾಗಲಿ, ರಕ್ತವಾಗಲಿ, ಗಾಯ ಮಾಯುವಾಗ ಹುಟ್ಟುವ ಎಳೆಯ ಜೀವಕೋಶಗಳಾಗಲಿ ಅಲ್ಲಿ ಇರಲಿಲ್ಲ. ಜೀವವಿಲ್ಲದ ಮೇಲ್ಮೈಗೆ ಹಾಕುವ ಸೋಂಕುನಾಶಕಕ್ಕೂ, ಜೀವಂತ ಅಂಗಾಂಶಕ್ಕೆ ಹಚ್ಚುವ ನಂಜುನಿರೋಧಕಕ್ಕೂ ಇರುವ ವ್ಯತ್ಯಾಸ ಬಲದ್ದಲ್ಲ. ಬ್ಯಾಕ್ಟೀರಿಯವನ್ನು ಕೊಲ್ಲುವ ಪ್ರಮಾಣಕ್ಕೂ ನಮ್ಮ ಜೀವಕೋಶಗಳನ್ನು ಕೊಲ್ಲುವ ಪ್ರಮಾಣಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದೇ ಆ ವ್ಯತ್ಯಾಸ. ಫಿನಾಲಿನಲ್ಲಿ ಆ ಅಂತರ ತೀರಾ ಕಿರಿದು. ಅದು ಪ್ರೋಟೀನುಗಳನ್ನು ಹೆಪ್ಪುಗಟ್ಟಿಸುತ್ತದೆ, ಆ ಪ್ರೋಟೀನು ಬ್ಯಾಕ್ಟೀರಿಯದ್ದೋ ಕರುವಿನದೋ ಎಂದು ನೋಡುವುದಿಲ್ಲ. ಮೇಲಾಗಿ ಅದು ಚರ್ಮದ ಮೂಲಕ ಒಳಕ್ಕೂ ಇಳಿಯುತ್ತದೆ. ಜೋಸೆಫ್ ಲಿಸ್ಟರ್ 1867ರಲ್ಲಿ ಕಾರ್ಬಾಲಿಕ್ ಆಮ್ಲದ, ಅಂದರೆ ಫಿನಾಲಿನ, ಶಸ್ತ್ರಚಿಕಿತ್ಸಾ ವಿಧಾನವನ್ನು ಪ್ರಕಟಿಸಿದಾಗ ಅದಕ್ಕಿಂತ ಮೇಲಾದದ್ದು ಕೈಗೆ ಸಿಗುವಂತಿರಲಿಲ್ಲ. ಆ ಕಾಲದ ಶಸ್ತ್ರವೈದ್ಯರ ಕೈಗಳು ಅದರಿಂದ ಸುಟ್ಟು ಒರಟಾಗುತ್ತಿದ್ದವು.

ತಿರುವುಮುರುವಾಗಿಯೂ ನೋಡಿ. ಫಿನಾಲ್ 1:90ರಲ್ಲಿ, ಅಂದರೆ ಸುಮಾರು ಶೇಕಡಾ 1ರಲ್ಲಿ ಕೆಲಸ ಮಾಡುತ್ತದೆ. ಕೈಗೆ ಹಚ್ಚುವ ಆಲ್ಕೋಹಾಲನ್ನು ಶೇಕಡಾ 1ಕ್ಕೆ ಇಳಿಸಿದರೆ ಅದರಿಂದ ಏನೂ ಆಗದು, ಅದು ಶೇಕಡಾ 60ರಿಂದ 80ರ ನಡುವೆ ಇರಬೇಕು. ಹಾಗಾಗಿ ಅದರ ಫಿನಾಲ್ ಗುಣಾಂಕ ಒಂದಕ್ಕಿಂತ ಬಹಳ ಕಡಿಮೆ. ಆದರೂ ಕೈಗಳಿಗೆ ಅದಕ್ಕಿಂತ ಒಳ್ಳೆಯದು ವಿರಳ. ಅರ್ಧ ನಿಮಿಷದೊಳಗೆ ಕೆಲಸ ಮುಗಿಸಿ ಆರಿಹೋಗುತ್ತದೆ.

ಮೇಘಮಾಲೆಯವರೇ, ನಿಮ್ಮ ಹೊಸ ದ್ರಾವಣ ಉರಿಯುವುದಿಲ್ಲ ಎಂಬ ಕಾರಣಕ್ಕೆ ಅದು ಕೈಗೆ ತಕ್ಕದ್ದಾಗುವುದಿಲ್ಲ. ಕ್ವಾಟರ್ನರಿ ಅಮೋನಿಯಂ ಜಾತಿಯಲ್ಲಿ ಚರ್ಮಕ್ಕೆ ಬಳಸುವ ನಂಜುನಿರೋಧಕಗಳೂ ಇವೆ, ನಿಜ. ಆದರೆ ಮೇಜು ಒರೆಸಲು ತಯಾರಿಸಿದ ಕ್ಯಾನಿನಲ್ಲಿ ಅದರ ಜೊತೆಗೆ ಜಿಡ್ಡು ತೆಗೆಯುವ ಮಾರ್ಜಕ, ಕ್ಷಾರ ಮುಂತಾದವು ಇರುತ್ತವೆ. ದಿನವೂ ಅದರಲ್ಲಿ ಕೈ ಅದ್ದಿದವರಿಗೆ ಕೆಲವು ವಾರಗಳಲ್ಲಿ ಚರ್ಮ ಬಿರಿಯುವುದು ಸಾಮಾನ್ಯ. ಬಿರಿದ ಚರ್ಮದಲ್ಲಿ ಬ್ಯಾಕ್ಟೀರಿಯ ಇನ್ನೂ ಹೆಚ್ಚು ನೆಲೆಸುತ್ತವೆ.

ವಾರ್ಡ್_ಮೇಲ್ವಿಚಾರಕ:

ಚರ್ಮದ ಮಾತು ಒಪ್ಪಿದೆ. ಆದರೆ ನನ್ನ ಅರ್ಧ–ಎರಡರಷ್ಟು ನಿಯಮ ಒಂದು ಕ್ಯಾನಿಗೆ ಮಾತ್ರ ಸರಿ ಎಂದಿದ್ದೀರಿ. ಸಮಯ ಹೆಚ್ಚು ಕೊಟ್ಟರೆ ಔಷಧಿ ಕಡಿಮೆ ಸಾಕು ಎಂಬುದು ಯಾವ ರಾಸಾಯನಿಕಕ್ಕಾದರೂ ಅನ್ವಯಿಸಬೇಕಲ್ಲವೇ?

ರಸಾಯನಿ:

ಸಾಕು ಎಂಬುದು ನಿಜ, ಎಷ್ಟು ಹೆಚ್ಚು ಸಮಯ ಎಂಬುದೇ ಪ್ರಶ್ನೆ. ಸೂಕ್ಷ್ಮದರ್ಶಿಯವರು ಅನುಮತಿಸಿದರೆ ಈ ಲೆಕ್ಕವನ್ನು ನಾನು ಬಿಡಿಸುತ್ತೇನೆ. ಸೋಂಕುನಾಶಕಗಳನ್ನು ತಯಾರಿಸುವವರ ಕಡೆಯಿಂದ ಇದು ನನಗೆ ನಿತ್ಯದ ಕೆಲಸ.

ಸಾಂದ್ರತೆಗೂ ಸಮಯಕ್ಕೂ ಇರುವ ಸಂಬಂಧವನ್ನು ಹೀಗೆ ಬರೆಯುತ್ತೇವೆ:

```
Cⁿ × t = k
```

ಇಲ್ಲಿ C ಎಂದರೆ ಸಾಂದ್ರತೆ, t ಎಂದರೆ ನಿರ್ದಿಷ್ಟ ಮಟ್ಟಕ್ಕೆ ಕೊಲ್ಲಲು ಬೇಕಾದ ಸಮಯ, k ಎಂದರೆ ಬದಲಾಗದ ಸ್ಥಿರಾಂಕ. n ಎಂಬುದು ಒಂದೊಂದು ರಾಸಾಯನಿಕಕ್ಕೆ ಒಂದೊಂದು. ಫಿನಾಲಿಗೂ ಅದರ ಬಳಗಕ್ಕೂ ಅದು 6ರ ಆಸುಪಾಸಿನಲ್ಲಿ ಇರುತ್ತದೆ, ಆಲ್ಕೋಹಾಲಿಗೆ 9ರಿಂದ 10 ಎನ್ನುತ್ತಾರೆ, ಕ್ವಾಟರ್ನರಿ ಅಮೋನಿಯಂಗೆ ಸುಮಾರು 1. n ಬೆಲೆ 1 ಆಗಿದ್ದರೆ ಮೇಲ್ವಿಚಾರಕರ ನಿಯಮ ಅಕ್ಷರಶಃ ಸರಿ, ಅರ್ಧ ಔಷಧಿಗೆ ಎರಡರಷ್ಟು ಸಮಯ. n ಆರಾಗಿದ್ದರೆ ಅರ್ಧ ಔಷಧಿಗೆ ಬೇಕಾಗುವುದು ಎರಡರ ಆರನೆಯ ಘಾತ, ಅಂದರೆ 64 ಪಟ್ಟು ಸಮಯ.

ಇದನ್ನು ಎರಡು ಕ್ಯಾನುಗಳ ಮೇಲೆ ಹಾಕಿ ನೋಡಿ. ಎರಡೂ 1:450ರಲ್ಲಿ ಹತ್ತು ನಿಮಿಷಕ್ಕೆ ಕೊಲ್ಲುತ್ತವೆ, ಅದರಿಂದಲೇ ಎರಡಕ್ಕೂ ಗುಣಾಂಕ 5 ಬಂದದ್ದು. ಈಗ ಎರಡನ್ನೂ 1:900ಕ್ಕೆ ಇಳಿಸಿದರೆ ಹೊಸ ಕ್ಯಾನಿನ ದ್ರಾವಣ ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತದೆ. ಹಳೆಯ ಕ್ಯಾನಿನ ಫಿನಾಲ್ ದ್ರಾವಣಕ್ಕೆ ಲೆಕ್ಕದ ಪ್ರಕಾರ 640 ನಿಮಿಷ, ಅಂದರೆ ಹತ್ತು ಗಂಟೆಗಿಂತ ಹೆಚ್ಚು ಬೇಕು. ವಾಸ್ತವದಲ್ಲಿ ಅಷ್ಟು ತೆಳುವಾದ ಫಿನಾಲ್ ಬ್ಯಾಕ್ಟೀರಿಯದ ಬೆಳವಣಿಗೆಯನ್ನು ತಡೆದು ನಿಲ್ಲಿಸಬಹುದೇ ಹೊರತು ಕೊಲ್ಲದೆಯೇ ಉಳಿಯಬಹುದು, ಏಕೆಂದರೆ ತೀರಾ ಕೆಳಗಿನ ಸಾಂದ್ರತೆಗಳಲ್ಲಿ ಈ ಸೂತ್ರ ನಿಲ್ಲುವುದಿಲ್ಲ. ಫಿನಾಲ್ ಜಾತಿಯ ದ್ರಾವಣವನ್ನು ತೆಳುಗೊಳಿಸುತ್ತಾ ಹೋಗುವುದೆಂದರೆ ಕಡಿದಾದ ಬಂಡೆಯ ಅಂಚಿನತ್ತ ನಡೆದಂತೆ. ಅಂಚಿನವರೆಗೂ ನೆಲ ಸಮತಟ್ಟಾಗಿಯೇ ಕಾಣುತ್ತದೆ.

ಮೇಲ್ಮುಖವಾಗಿಯೂ ಲೆಕ್ಕ ಹಾಕೋಣ. ಹತ್ತರ ಬದಲು ಐದು ನಿಮಿಷದಲ್ಲೇ ಕೆಲಸವಾಗಬೇಕು ಎಂದರೆ ಫಿನಾಲ್ ದ್ರಾವಣವನ್ನು 1:450ರಿಂದ ಸುಮಾರು 1:400ಕ್ಕೆ ಏರಿಸಿದರೆ ಸಾಕು. ಕ್ವಾಟರ್ನರಿ ದ್ರಾವಣವನ್ನು 1:225ಕ್ಕೆ, ಅಂದರೆ ಪೂರ್ತಿ ಎರಡರಷ್ಟಕ್ಕೆ ಏರಿಸಲೇಬೇಕು. ಶುದ್ಧ ಫಿನಾಲಿಗೂ ಐದು ನಿಮಿಷಕ್ಕೆ 1:80 ಬೇಕಾಗುತ್ತದೆ. ಹಾಗಾಗಿ ಐದು ನಿಮಿಷದ ಪರೀಕ್ಷೆ ಮಾಡಿದ್ದರೆ ಹಳೆಯ ಕ್ಯಾನಿನ ಗುಣಾಂಕ 400ನ್ನು 80ರಿಂದ ಭಾಗಿಸಿದಾಗ ಮತ್ತೆ 5 ಬರುತ್ತಿತ್ತು, ಹೊಸ ಕ್ಯಾನಿನದು 225ನ್ನು 80ರಿಂದ ಭಾಗಿಸಿ 2.8 ಬರುತ್ತಿತ್ತು. ನಲವತ್ತು ನಿಮಿಷದ ಪರೀಕ್ಷೆಯಾಗಿದ್ದರೆ ಫಿನಾಲ್ 1:113, ಹೊಸ ದ್ರಾವಣ 1:1800, ಗುಣಾಂಕ ಸುಮಾರು 16. ಅದೇ ಕ್ಯಾನು, ಅದೇ ಬ್ಯಾಕ್ಟೀರಿಯ, ಗಡಿಯಾರ ಮಾತ್ರ ಬೇರೆ. 2.8, 5, 16 ಇವುಗಳಲ್ಲಿ ಯಾವುದನ್ನು ಲೇಬಲ್ಲಿನ ಮೇಲೆ ಹಾಕುವುದು?

ಫಿನಾಲ್ ಗುಣಾಂಕ ಫಿನಾಲಿನಂತೆ ಕೆಲಸ ಮಾಡುವ ದ್ರಾವಣಗಳನ್ನು ಒಂದಕ್ಕೊಂದು ಹೋಲಿಸಲು ಯೋಗ್ಯವಾದ ಅಳತೆ. ಬೇರೆ ಜಾತಿಯ ರಾಸಾಯನಿಕಕ್ಕೆ ಅದನ್ನು ಅಂಟಿಸುವುದು ನನ್ನ ಅಭಿಪ್ರಾಯದಲ್ಲಿ ಗ್ರಾಹಕರ ಕಣ್ಣಿಗೆ ಮಣ್ಣೆರಚುವ ಕೆಲಸ.

ಮೇಘಮಾಲೆ:

ಬಹಳ ಸ್ಪಷ್ಟವಾಯಿತು, ಧನ್ಯವಾದಗಳು. ಹಾಗಾದರೆ ನಮ್ಮ ಹಳೆಯ ಕ್ಯಾನನ್ನು ಯಾವ ಕಾರಣಕ್ಕೂ ಲೇಬಲ್ಲಿಗಿಂತ ತೆಳುವಾಗಿ ಮಾಡಬಾರದು, ಹೊಸದನ್ನು ಮಾಡಬಹುದು ಎಂದು ತಿಳಿಯಬಹುದೇ? ಹೊಸದರ 1:100ಕ್ಕೂ 1:450ಕ್ಕೂ ನಡುವೆ ನಾಲ್ಕೂವರೆ ಪಟ್ಟು ಅವಕಾಶ ಇದೆಯಲ್ಲ.

ಸೂಕ್ಷ್ಮದರ್ಶಿ:

ನನ್ನ ಸಲಹೆ ಇದಕ್ಕೆ ವಿರುದ್ಧವಾಗಿದೆ, ಹೊಸದರ ವಿಷಯದಲ್ಲಿಯೇ ಹೆಚ್ಚು ಎಚ್ಚರ ಬೇಕು. ರಸಾಯನಿಯವರ ಸೂತ್ರವನ್ನೇ ತೆಗೆದುಕೊಂಡರೆ, 1:450ರಿಂದ 1:100ಕ್ಕೆ ಏರಿಸಿದಾಗ ಫಿನಾಲ್ ದ್ರಾವಣದ ವೇಗ ಸಾವಿರಾರು ಪಟ್ಟು ಹೆಚ್ಚುತ್ತದೆ. ಕ್ವಾಟರ್ನರಿ ದ್ರಾವಣದ ವೇಗ ಹೆಚ್ಚುವುದು ನಾಲ್ಕೂವರೆ ಪಟ್ಟು ಮಾತ್ರ. ಹತ್ತು ನಿಮಿಷದ ಕೆಲಸ ಎರಡು ನಿಮಿಷ ಚಿಲ್ಲರೆಗೆ ಇಳಿಯುತ್ತದೆ. ಲೇಬಲ್ಲಿನ ಹತ್ತು ನಿಮಿಷದಲ್ಲಿ ಉಳಿದ ಎಂಟು ನಿಮಿಷವೇ ನಿಮಗಿರುವ ಪೂರ್ತಿ ಭದ್ರತೆ, ಅದನ್ನು ಕೊಳೆ ತಿಂದುಹಾಕುತ್ತದೆ.

ಆ ಕೊಳವೆಯೊಳಗೆ ಬ್ರಾತ್ ಬಿಟ್ಟರೆ ಬೇರೆ ಕೊಳೆ ಇರಲಿಲ್ಲ ಎಂಬುದನ್ನು ಮರೆಯಬೇಡಿ. 1908ರಲ್ಲೇ ಹ್ಯಾರಿಯೆಟ್ ಚಿಕ್ ಮತ್ತು ಚಾರ್ಲ್ಸ್ ಮಾರ್ಟಿನ್ ಇದೇ ಆಕ್ಷೇಪವನ್ನೆತ್ತಿ, ಒಣಗಿಸಿದ ಮಲದ ಪುಡಿಯನ್ನು ಬೆರೆಸಿ ಮೂವತ್ತು ನಿಮಿಷದ ಸಂಪರ್ಕ ಸಮಯದೊಂದಿಗೆ ಬೇರೊಂದು ಪರೀಕ್ಷೆಯನ್ನು ರೂಪಿಸಿದರು. ಹಾಗೆ ಮಾಡಿದಾಗ ಗುಣಾಂಕಗಳು ಗಣನೀಯವಾಗಿ ಇಳಿದವು. ನಿಮ್ಮ ಗಾಜಿನ ಸಾಮಾನುಗಳ ಒಳಗೆ ಬ್ರಾತ್, ಅಗರ್ ಇವೆಲ್ಲ ಉಳಿದಿರುತ್ತವೆ. ಕ್ವಾಟರ್ನರಿ ಅಮೋನಿಯಂ ಪ್ರೋಟೀನಿಗೂ, ಸಾಬೂನಿಗೂ, ಗಡಸು ನೀರಿಗೂ ಬಲಿಯಾಗುತ್ತದೆ. ಹತ್ತಿಬಟ್ಟೆ ಕೂಡ ಅದನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬಕೆಟ್ಟಿನಲ್ಲಿ 1:100 ಬೆರೆಸಿ ಹತ್ತಿಬಟ್ಟೆಗಳನ್ನು ಮುಳುಗಿಸಿಟ್ಟು ಸ್ವಲ್ಪ ಹೊತ್ತಿನ ನಂತರ ಹಿಂಡಿದರೆ ಹೊರಬರುವ ದ್ರಾವಣ 1:100ರದ್ದಾಗಿರುವುದಿಲ್ಲ. ಇದನ್ನು ಅಳೆಯಲು ಬಣ್ಣ ಬದಲಾಯಿಸುವ ಪರೀಕ್ಷಾ ಪಟ್ಟಿಗಳು ಸಿಗುತ್ತವೆ. ಬೆಳಿಗ್ಗೆ ಬೆರೆಸಿದ ಕೂಡಲೇ ಒಂದನ್ನೂ, ಮಧ್ಯಾಹ್ನ ಬಟ್ಟೆಯನ್ನು ಹಿಂಡಿದ ನೀರಿನಲ್ಲಿ ಒಂದನ್ನೂ ಅದ್ದಿ ಅಕ್ಕಪಕ್ಕ ಇಟ್ಟು ನೋಡಿ.

ಇನ್ನೊಂದು ಸಂಗತಿ ಇದೆ, ಇದು ಗುಣಾಂಕದ ನಂಬಿಕೆಯನ್ನೇ ಅಲುಗಾಡಿಸುವಂಥದ್ದು. ಹತ್ತನೆಯ ನಿಮಿಷದಲ್ಲಿ ಕುಣಿಕೆಯಿಂದ ಎತ್ತಿದ ಹನಿಯ ಜೊತೆಗೆ ಔಷಧಿಯೂ ಒಂದಿಷ್ಟು ಹೊಸ ಬ್ರಾತ್‌ಗೆ ಹೋಗುತ್ತದೆ. ಫಿನಾಲಾದರೆ ಬ್ರಾತ್‌ನಲ್ಲಿ ತೆಳುವಾದ ಕೂಡಲೇ ಅದರ ಶಕ್ತಿ ಉಡುಗಿಹೋಗುತ್ತದೆ, n ಆರು ಆಗಿರುವುದರ ಲಾಭ ಇದು. ಕ್ವಾಟರ್ನರಿ ಅಮೋನಿಯಂ ಹಾಗಲ್ಲ. ಅತ್ಯಲ್ಪ ಪ್ರಮಾಣದಲ್ಲಿ ಇದ್ದರೂ ಅದು ಬ್ಯಾಕ್ಟೀರಿಯ ಬೆಳೆಯದಂತೆ ತಡೆಯುತ್ತದೆ. ಬ್ರಾತ್ ತಿಳಿಯಾಗಿ ಉಳಿಯುತ್ತದೆ, ಪರೀಕ್ಷಕರು ಸತ್ತಿದೆ ಎಂದು ಬರೆಯುತ್ತಾರೆ, ಬ್ಯಾಕ್ಟೀರಿಯ ಬದುಕಿಯೇ ಇರುತ್ತದೆ. ಹೀಗೆ ಸುಳ್ಳಾಗಿ ಉಬ್ಬಿದ ಗುಣಾಂಕಗಳು ಒಂದು ಕಾಲದಲ್ಲಿ ಬಹಳ ಇದ್ದವು. ಇದು ಹಳೆಯ ಕಥೆ ಕೂಡ. ರಾಬರ್ಟ್ ಕೋಖ್ 1881ರಲ್ಲಿ ಪಾದರಸದ ಲವಣವಾದ ಮರ್ಕ್ಯುರಿಕ್ ಕ್ಲೋರೈಡ್ ಆಂಥ್ರಾಕ್ಸ್ ಬೀಜಾಣುಗಳನ್ನು ಕೊಲ್ಲುತ್ತದೆ ಎಂದು ಹೇಳಿದ್ದರು. 1889ರಲ್ಲಿ ಗೆಪರ್ಟ್ ಅಮೋನಿಯಂ ಸಲ್ಫೈಡ್ ಹಾಕಿ ಪಾದರಸವನ್ನು ನಿಷ್ಕ್ರಿಯಗೊಳಿಸಿದಾಗ, ಸತ್ತವೆಂದು ಎಣಿಸಿದ್ದ ಬೀಜಾಣುಗಳು ಮತ್ತೆ ಬೆಳೆದವು.

ನಿಮ್ಮ ಪ್ರಯೋಗಾಲಯದಲ್ಲೇ ಇದನ್ನು ಪತ್ತೆಹಚ್ಚಬಹುದು. ತಿಳಿಯಾಗಿ ಉಳಿದ ಬ್ರಾತ್ ಕೊಳವೆಯನ್ನು ಚೆಲ್ಲಬೇಡಿ, ಅದಕ್ಕೆ ಪಾಠಕ್ಕೆ ಬಳಸುವ ನಿರಪಾಯಕಾರಿ ತಳಿಯ ಜೀವಂತ ಬ್ಯಾಕ್ಟೀರಿಯವನ್ನು ಕೆಲವೇ ಕೋಶಗಳಷ್ಟು ಹಾಕಿ ಮತ್ತೆ ಬೆಚ್ಚಗಿಡಿ. ಮರುದಿನ ಮಬ್ಬಾದರೆ ಬ್ರಾತ್ ಚೆನ್ನಾಗಿದೆ, ಮೊದಲಿನ ಫಲಿತಾಂಶವನ್ನು ನಂಬಬಹುದು. ಆಗಲೂ ತಿಳಿಯಾಗಿಯೇ ಉಳಿದರೆ ಬ್ರಾತ್‌ನಲ್ಲಿ ಔಷಧಿ ಇನ್ನೂ ಕೂತಿದೆ ಎಂದರ್ಥ. ಅಂಥ ಸಂದರ್ಭದಲ್ಲಿ ಔಷಧಿಯನ್ನು ನಿಷ್ಕ್ರಿಯಗೊಳಿಸುವ ಲೆಸಿಥಿನ್ ಮತ್ತು ಪಾಲಿಸಾರ್ಬೇಟ್ 80 ಸೇರಿಸಿದ ಬ್ರಾತ್ ಬಳಸಿ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು.

ವಾರ್ಡ್_ಮೇಲ್ವಿಚಾರಕ:

ಇಷ್ಟೆಲ್ಲ ಲೆಕ್ಕ ಹಾಕಿದರೂ ನೆಲ ಒರೆಸುವವನಿಗೆ ಇವುಗಳಿಂದ ಆಗುವ ಪ್ರಯೋಜನ ಏನು ಎಂದು ನಾನು ಕೇಳಲೇಬೇಕು. ಹತ್ತು ನಿಮಿಷ ಎಂದು ಲೇಬಲ್ಲಿನಲ್ಲಿ ಬರೆದಿದ್ದಾರೆ, ಆದರೆ ಒರೆಸಿದ ಮೇಜು ಫ್ಯಾನಿನ ಕೆಳಗೆ ಹತ್ತು ನಿಮಿಷ ಒದ್ದೆಯಾಗಿ ಇದ್ದದ್ದನ್ನು ನಾನು ಎಂದೂ ಕಂಡಿಲ್ಲ. ಒರೆಸಿದ ಸಮಯದಿಂದ ಹತ್ತು ನಿಮಿಷ ಎಣಿಸುತ್ತೇವೆ, ಆಮೇಲೆ ರೋಗಿಯನ್ನು ಮಲಗಿಸುತ್ತೇವೆ. ಅದು ಸಂಪರ್ಕ ಸಮಯವಲ್ಲವೇ?

ರಸಾಯನಿ:

ಅಲ್ಲ. ಸಂಪರ್ಕ ಸಮಯ ಎಂದರೆ ಮೇಲ್ಮೈ ಕಣ್ಣಿಗೆ ಕಾಣುವಂತೆ ಒದ್ದೆಯಾಗಿರುವ ಸಮಯ. ಒರೆಸಿದ ಮೇಲೆ ಮೇಜಿನ ಮಟ್ಟಕ್ಕೆ ಬಾಗಿ, ಕಿಟಕಿಯ ಬೆಳಕು ಓರೆಯಾಗಿ ಬೀಳುವ ಕಡೆಯಿಂದ ನೋಡಿ. ಒದ್ದೆ ಇರುವಲ್ಲಿ ಹೊಳಪು ಇರುತ್ತದೆ. ಮೊದಲು ಅಂಚುಗಳಲ್ಲಿ ಆ ಹೊಳಪು ಹರಿದುಹೋಗುತ್ತದೆ, ನಂತರ ನಡುವೆ ದ್ವೀಪಗಳಂತೆ ಒಡೆಯುತ್ತದೆ. ಅಂಚು ಮೊದಲ ಬಾರಿ ಒಣಗಿದ ಕ್ಷಣಕ್ಕೆ ಗಡಿಯಾರವನ್ನು ನಿಲ್ಲಿಸಿ, ಏಕೆಂದರೆ ಆ ಅಂಚಿನಲ್ಲಿ ಇದ್ದ ಬ್ಯಾಕ್ಟೀರಿಯಕ್ಕೆ ಸಿಕ್ಕಿದ್ದು ಅಷ್ಟೇ ಸಮಯ. ಹಿಂಡಿದ ಬಟ್ಟೆಯಿಂದ ಒರೆಸಿದರೆ ಅದು ಹತ್ತು ನಿಮಿಷದ ಹತ್ತಿರಕ್ಕೂ ಬರುವುದಿಲ್ಲ.

ಇದಕ್ಕೆ ಮೂರು ದಾರಿಗಳಿವೆ, ಮೂರೂ ಸುಖಕರವಲ್ಲ. ಹೆಚ್ಚು ದ್ರಾವಣ ಸುರಿದು ಒರೆಸಬೇಕು, ಒಣಗುವ ಮೊದಲು ಮತ್ತೊಮ್ಮೆ ಒದ್ದೆ ಮಾಡಬೇಕು, ಇಲ್ಲವೇ ಒಂದೆರಡು ನಿಮಿಷದ ಸಂಪರ್ಕ ಸಮಯಕ್ಕೆ ಪರೀಕ್ಷಿಸಿ ಒಪ್ಪಿದ ದ್ರಾವಣವನ್ನು ಕೊಳ್ಳಬೇಕು. ಮೂರನೆಯದೇ ಜಾಣತನ ಎಂಬುದು ನನ್ನ ನಿಲುವು, ನಾನು ಮಾರುವವರ ಕಡೆಯವನು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇದನ್ನು ಓದಿ.

ಸೂಕ್ಷ್ಮದರ್ಶಿ:

ಎರಡನೆಯ ದಾರಿಯ ಬಗ್ಗೆ ನನಗೆ ಭಿನ್ನಾಭಿಪ್ರಾಯವಿದೆ. ಮೂರು ನಿಮಿಷದಂತೆ ಮೂರು ಬಾರಿ ಒದ್ದೆ ಮಾಡಿದರೆ ಒಂಬತ್ತು ನಿಮಿಷ ಎಂದು ಕೂಡಿಸುವುದು ಸರಿಯೇ? ಒಣಗುತ್ತಾ ಹೋದಂತೆ ನೀರು ಆರಿ ಔಷಧಿಯ ಸಾಂದ್ರತೆ ಏರುತ್ತದೆ, ಆಗ ಕೆಲವು ದ್ರಾವಣಗಳು ಇನ್ನೂ ಚುರುಕಾಗುತ್ತವೆ. ಪೂರ್ತಿ ಒಣಗಿದ ಮೇಲೆ ಕ್ರಿಯೆ ಬಹುತೇಕ ನಿಲ್ಲುತ್ತದೆ. ಒಣಗುವುದರಿಂದಲೇ ಸಾಯುವ ಬ್ಯಾಕ್ಟೀರಿಯಗಳೂ ಇವೆ, ಸ್ಟೆಫಿಲೊಕಾಕಸ್‌ನಂತೆ ಒಣಗಿಯೂ ದಿನಗಟ್ಟಲೆ ಬದುಕುವವೂ ಇವೆ. ಕೊಳವೆಯಲ್ಲಿ ಅಳೆದ ಹತ್ತು ನಿಮಿಷವನ್ನು ತೆಳುವಾದ ಪದರದ ತುಣುಕು ತುಣುಕು ನಿಮಿಷಗಳಿಗೆ ಸಮ ಮಾಡಲು ನಾನಂತೂ ಸಿದ್ಧನಿಲ್ಲ.

ರಸಾಯನಿ:

ಕೂಡಿಸಬಾರದು ಎನ್ನುವುದಕ್ಕೂ ಅಷ್ಟೇ ಆಧಾರ ಬೇಕಲ್ಲವೇ? ಮರು ಒದ್ದೆ ಮಾಡಿದಾಗ ಹೊಸ ದ್ರಾವಣವೂ ಸೇರುತ್ತದೆ, ಮೊದಲ ಸುತ್ತಿನಲ್ಲಿ ಕೊಳೆಗೆ ಬಲಿಯಾದ ಔಷಧಿಯ ಜಾಗವನ್ನು ಅದು ತುಂಬುತ್ತದೆ. ಒಂದೇ ಸುತ್ತಿನ ಒಂಬತ್ತು ನಿಮಿಷಕ್ಕಿಂತ ಅದು ಮೇಲೂ ಆಗಬಹುದು.

ಮೇಘಮಾಲೆ:

ಇದು ನಿಮ್ಮಿಬ್ಬರ ನಡುವೆ ಇವತ್ತೇ ತೀರ್ಮಾನವಾಗುವ ಲಕ್ಷಣ ಕಾಣುವುದಿಲ್ಲ. ನನಗೆ ಒಂದು ಸಣ್ಣ ಅನುಮಾನ ಉಳಿದಿದೆ. ಗುಣಾಂಕ ಇಷ್ಟು ದಾರಿ ತಪ್ಪಿಸುವುದಾದರೆ ನಂಜುನಿರೋಧಕಗಳ ಬಲವನ್ನು ಯಾವುದಕ್ಕೆ ಹೋಲಿಸುತ್ತಾರೆ? ಕೈಗೆ ಹಚ್ಚುವ ಆಲ್ಕೋಹಾಲಿನ ಸೀಸೆಯ ಮೇಲೆ ಇಂಥ ಅಂಕಿಯನ್ನು ನಾನು ಕಂಡಿಲ್ಲ.

ಸೂಕ್ಷ್ಮದರ್ಶಿ:

ಹೋಲಿಸುವ ಕ್ರಮ ಹೋಗಿಲ್ಲ, ಹೋಲಿಕೆಯ ಅಳತೆಗೋಲು ಬದಲಾಗಿದೆ. ಯೂರೋಪಿನ ಇಎನ್ 1500 ಎಂಬ ಪರೀಕ್ಷೆಯಲ್ಲಿ ಸ್ವಯಂಸೇವಕರ ಕೈಗಳನ್ನು ನಿರಪಾಯಕಾರಿಯಾದ ಇ. ಕೋಲೈ ಬ್ಯಾಕ್ಟೀರಿಯದ ದ್ರವದಲ್ಲಿ ಅದ್ದಿಸಿ, ಒಣಗಿಸಿ, ಬೆರಳ ತುದಿಗಳನ್ನು ಬ್ರಾತ್‌ನಲ್ಲಿ ಉಜ್ಜಿಸಿ ಎಷ್ಟು ಬ್ಯಾಕ್ಟೀರಿಯ ಇವೆ ಎಂದು ಎಣಿಸುತ್ತಾರೆ. ನಂತರ ಪರೀಕ್ಷಿಸಬೇಕಾದ ದ್ರಾವಣವನ್ನು ಕೈಗೆ ಉಜ್ಜಿಸಿ ಮತ್ತೆ ಎಣಿಸುತ್ತಾರೆ. ಅದೇ ಜನರ ಕೈಗಳಿಗೆ ಶೇಕಡಾ 60ರ ಐಸೊಪ್ರೊಪೈಲ್ ಆಲ್ಕೋಹಾಲನ್ನು ಮೂರು ಮಿಲಿಲೀಟರಿನಂತೆ ಎರಡು ಬಾರಿ, ಒಟ್ಟು ಒಂದು ನಿಮಿಷ ಉಜ್ಜಿಸಿ ಅದರ ಫಲಿತಾಂಶದ ಜೊತೆ ಹೋಲಿಸುತ್ತಾರೆ. ಹೊಸ ದ್ರಾವಣ ಅದಕ್ಕಿಂತ ಗಣನೀಯವಾಗಿ ಕಳಪೆಯಾಗಿರಬಾರದು, ಅಷ್ಟೇ ನಿಬಂಧನೆ. ಇಲ್ಲಿ ಚರ್ಮ ಪರೀಕ್ಷೆಯ ಒಳಗೇ ಇದೆ, ಸಮಯವೂ ಇದೆ, ಕೊನೆಗೆ ಎಷ್ಟು ಪಟ್ಟು ಎಂಬ ಅಂಕಿ ಹುಟ್ಟುವುದೇ ಇಲ್ಲ. ಆದ್ದರಿಂದ ಸೀಸೆಯ ಮೇಲೆ ನಿಮಗೆ ಅದು ಕಾಣಲಿಲ್ಲ.

ಇದರಲ್ಲೂ ಒಂದು ಕೊರತೆ ಇದೆ. ಕ್ಲೋರ್‌ಹೆಕ್ಸಿಡಿನ್ ಎಂಬ ನಂಜುನಿರೋಧಕ ಚರ್ಮಕ್ಕೆ ಅಂಟಿಕೊಂಡು ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಕೈ ಉಜ್ಜಿದ ತಕ್ಷಣ ಎಣಿಸುವ ಪರೀಕ್ಷೆಗೆ ಆ ಗುಣ ಕಾಣುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಕೈ ತೊಳೆಯುವ ದ್ರಾವಣಗಳಿಗೆ ಬೇರೆ ಪರೀಕ್ಷೆ ಇದೆ, ಅದರಲ್ಲಿ ಕೈಗವಸು ಹಾಕಿಸಿ ಮೂರು ಗಂಟೆಯ ನಂತರವೂ ಎಣಿಸುತ್ತಾರೆ.

ಹೈನುಗಾರ:

ವೈದ್ಯರು ಬಂದು ನೋಡಿದರು. ಹೊಕ್ಕುಳಲ್ಲಿ ಸೋಂಕು ಶುರುವಾಗಿತ್ತು, ಚುಚ್ಚುಮದ್ದು ಕೊಟ್ಟಿದ್ದಾರೆ, ಅಯೋಡಿನ್ ಅದ್ದಲು ಹೇಳಿದ್ದಾರೆ. ನೆಲಕ್ಕೆ ಫಿನೈಲನ್ನು ಮುಂದುವರಿಸಬಹುದು, ಆದರೆ ಮೊದಲು ಸಗಣಿಯನ್ನು ಪೂರ್ತಿ ಬಳಿದು ತೊಳೆದು ಆಮೇಲೆ ಹಾಕಿ ಎಂದರು. ಇಷ್ಟು ದಿನ ನಾವು ಸಗಣಿಯ ಮೇಲೆಯೇ ಸುರಿಯುತ್ತಿದ್ದೆವು.

ವಾರ್ಡ್_ಮೇಲ್ವಿಚಾರಕ:

ನಾನು ನಾಳೆ ಎರಡು ಹಾಸಿಗೆಗಳ ಪಕ್ಕದ ಮೇಜುಗಳ ಮೇಲೆ ಆ ಹೊಳಪಿನ ಸಮಯವನ್ನು ಅಳೆಯಿಸುತ್ತೇನೆ, ಒಂದನ್ನು ಫ್ಯಾನ್ ಹಾಕಿ, ಇನ್ನೊಂದನ್ನು ನಿಲ್ಲಿಸಿ. ಅರ್ಧ–ಎರಡರಷ್ಟು ನಿಯಮವನ್ನು ಮಾತ್ರ ನಾನು ಇನ್ನೂ ಪೂರ್ತಿ ಕೈಬಿಟ್ಟಿಲ್ಲ, ಏಕೆಂದರೆ ನಮ್ಮಲ್ಲಿ ಈಗ ಇರುವುದು ಕ್ವಾಟರ್ನರಿ ದ್ರಾವಣವೇ.

ಸೂಕ್ಷ್ಮದರ್ಶಿ:

ಹಾಗಾದರೆ ಅಳೆಯುವ ಮೊದಲು ಬಟ್ಟೆ ಹಿಂಡಿದ ನೀರಿನಲ್ಲಿ ಪರೀಕ್ಷಾ ಪಟ್ಟಿಯನ್ನೂ ಅದ್ದಿಸಿ ನೋಡಿ. ನಿಮ್ಮ ದ್ರಾವಣ ಆಗಲೇ ಅರ್ಧಕ್ಕೆ ಇಳಿದಿದ್ದರೆ, ನಿಮ್ಮದೇ ನಿಯಮದ ಪ್ರಕಾರ ಸಮಯವನ್ನು ಎರಡರಷ್ಟು ಮಾಡಬೇಕಾಗುತ್ತದೆ.